ಉತ್ತರದ ಮೊದಲ ಸಾಲು ಪ್ರಶ್ನೆಯಲ್ಲೇ ಇತ್ತು

ಸಿಂಧನೂರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವನು ನಾನು. ಪಿಯುಸಿಯ ಮೊದಲ ಜೀವಶಾಸ್ತ್ರ ಕಿರುಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದರೂ ಹಾಳೆ ಖಾಲಿ ಉಳಿಯಿತು. ಇಂಗ್ಲಿಷಿನಲ್ಲಿ ವಾಕ್ಯ ಎಲ್ಲಿಂದ ಶುರುವಾಗಬೇಕು ಎಂಬುದೇ ಹೊಳೆಯಲಿಲ್ಲ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ತಿರುವುವಾಗ ಒಂದು ಪ್ರಶ್ನೆಯ ಮೇಲೆ ಕಣ್ಣು ನಿಂತಿತು: ‘ವೈ ಡಸ್ ಟ್ರಾನ್ಸ್‌ಪಿರೇಶನ್ ಇನ್‌ಕ್ರೀಸ್ ಆನ್ ಎ ವಿಂಡಿ ಡೇ?’ ಗಾಳಿ ಬೀಸುವ ದಿನ ಎಲೆಗಳಿಂದ ನೀರು ಆವಿಯಾಗಿ ಹೋಗುವುದು ಏಕೆ ಹೆಚ್ಚುತ್ತದೆ ಎಂಬುದು ಪ್ರಶ್ನೆ. ಬೇಕಾದ ಪದಗಳೆಲ್ಲ ಅಲ್ಲೇ ಇದ್ದವು, ಕಾಗುಣಿತ ಸಮೇತ. ‘ವೈ ಡಸ್’ ತೆಗೆದು ಕೊನೆಗೆ ‘ಬಿಕಾಸ್’ ಸೇರಿಸಿದೆ. ಆದರೂ ಉಪನ್ಯಾಸಕರು ‘ಇನ್‌ಕ್ರೀಸ್’ ಸುತ್ತ ಕೆಂಪು ಸುತ್ತು ಎಳೆದರು. ‘ಡಸ್’ ಹೋಗುವಾಗ ತನ್ನ ಎಸ್ ಅಕ್ಷರವನ್ನು ಕ್ರಿಯಾಪದಕ್ಕೆ ಕೊಟ್ಟು ಹೋಗಬೇಕು: ‘ಟ್ರಾನ್ಸ್‌ಪಿರೇಶನ್ ಇನ್‌ಕ್ರೀಸಸ್’. ‘ಡಿಡ್’ ಇದ್ದರೆ ಭೂತಕಾಲ. ‘ವೈ ಡಿಡ್ ಮೆಂಡೆಲ್ ಚೂಸ್’ ಎಂದು ಕೇಳಿದರೆ ಉತ್ತರ ‘ಮೆಂಡೆಲ್ ಚೋಸ್’ ಎಂದು ಶುರುವಾಗುತ್ತದೆ. ಇಷ್ಟು ಸಣ್ಣ ವಿಷಯವನ್ನು ಹತ್ತು ವರ್ಷ ಯಾರೂ ಬಿಡಿಸಿ ಹೇಳಿರಲಿಲ್ಲ!

‘ಬಿಕಾಸ್’ ನಂತರದ್ದು ಮಾತ್ರ ನನ್ನದೇ ಆಗಬೇಕಿತ್ತು. ಗಾಳಿ ಎಲೆಯ ಬಳಿಯ ತೇವದ ಗಾಳಿಯನ್ನು ಒಯ್ಯುತ್ತದೆ ಎಂದು ಕನ್ನಡದಲ್ಲಿ ಯೋಚಿಸಿ, ‘ವಿಂಡ್ ರಿಮೂವ್ಸ್ ಮಾಯಿಸ್ಟ್ ಏರ್ ನಿಯರ್ ದಿ ಲೀಫ್’ ಎಂದು ಬರೆದೆ. ಮಾಡುವವನು, ಕೆಲಸ, ಆಮೇಲೆ ಉಳಿದದ್ದು: ಇದೇ ಕ್ರಮ. ಕನ್ನಡದ ಅಭ್ಯಾಸದಂತೆ ಕ್ರಿಯಾಪದ ಕೊನೆಗೆ ಜಾರಿದರೆ ವಾಕ್ಯ ಕೆಡುತ್ತಿತ್ತು.

‘ಡಿಸ್ಟಿಂಗ್ವಿಶ್’ ಪ್ರಶ್ನೆಗಳಿಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಎರಡು ಕಡೆಯ ಗುಣಗಳ ನಡುವೆ ‘ವೇರ್ಆ್ಯಸ್’ ಇಡುತ್ತೇನೆ. ಒಂದೇ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಪ್ರಶ್ನೆ, ಬಲಕ್ಕೆ ಮೊದಲ ಸಾಲು ಬರೆಯುತ್ತಾ ಹೋದೆ. ಮುಂದಿನ ಕಿರುಪರೀಕ್ಷೆಯಲ್ಲಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಲಿಲ್ಲ.