ಗ್ರೂಪು ಸುಮ್ಮನಿರಲಿ, ಅಣ್ಣನ ಕರೆ ಬರಲಿ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯುವುದು ನನ್ನ ಕೆಲಸ. ಹರಾಜಿನ ಗಲಾಟೆಯಲ್ಲಿ ಫೋನಿನ ರಿಂಗ್ ಕೇಳಿಸುವುದೇ ಇಲ್ಲ, ಅದಕ್ಕೇ ಸ್ಮಾರ್ಟ್‌ವಾಚ್ ಕೊಂಡೆ. ಮೊದಲ ದಿನವೇ ಸಾಕಾಯಿತು. 15 ಕೆಜಿ ಬಾಕ್ಸಿನ ರೇಟು ಹಾಕುವ ಗ್ರೂಪು, ನೆಂಟರ ಗ್ರೂಪು, ಮಗಳ ಶಾಲೆಯ ಗ್ರೂಪು, ಎಲ್ಲದಕ್ಕೂ ಕೈ ನಡುಗುತ್ತಿತ್ತು.

ಫೋನಿನಲ್ಲಿರುವ ವಾಚಿನ ಆ್ಯಪ್ ತೆರೆದು ಅಲ್ಲಿ ವಾಟ್ಸಾಪ್ ಆಫ್ ಮಾಡಿದೆ. ಗಲಾಟೆ ನಿಂತಿತು. ಆದರೆ ಅದೇ ವಾರ ಸಿಂಗಪುರದಿಂದ ಅಣ್ಣ ಮೂರು ಸಲ ಕರೆ ಮಾಡಿದ್ದು ನನಗೆ ಗೊತ್ತೇ ಆಗಲಿಲ್ಲ. ಅವನು ಮಾಡುವುದು ವಾಟ್ಸಾಪ್ ಕರೆ. ಸಿಮ್ ಕರೆಗೆ ವಾಚಿನ ಆ್ಯಪ್‌ನಲ್ಲಿ ಬೇರೆಯೇ ಸ್ವಿಚ್ ಇದೆ, ಅದು ಆನ್ ಇದ್ದರೆ ಸಾಕು. ವಾಟ್ಸಾಪ್ ಕರೆ ಮಾತ್ರ ನನ್ನ ವಾಚಿಗೆ ಇನ್ನೊಂದು ನೋಟಿಫಿಕೇಶನ್ ಅಷ್ಟೆ. ಗ್ರೂಪಿನ ಗುಡ್ ಮಾರ್ನಿಂಗೂ ಅಣ್ಣನ ಕರೆಯೂ ಅದಕ್ಕೆ ಒಂದೇ. ಅಂದರೆ ಜರಡಿ ಹಿಡಿಯಬೇಕಾದ್ದು ವಾಚಿನಲ್ಲಲ್ಲ, ಫೋನಿನಲ್ಲಿ.

ವಾಚಿನಲ್ಲಿ ವಾಟ್ಸಾಪ್ ಮತ್ತೆ ಆನ್ ಮಾಡಿದೆ. ಆಮೇಲೆ ಆಂಡ್ರಾಯ್ಡ್ ಫೋನಿನ Settings, Apps, WhatsApp, Notifications ಅಂತ ಒಳಗೆ ಹೋದೆ. ಅಲ್ಲಿ ಒಂದೇ ಆ್ಯಪ್‌ನ ನೋಟಿಫಿಕೇಶನ್‌ಗಳು ಬೇರೆ ಬೇರೆ ಸಾಲಾಗಿ ಇರುತ್ತವೆ. Group notifications ಅನ್ನುವುದನ್ನು Silent ಮಾಡಿದೆ. ಫೋನ್ ಸುಮ್ಮನಾಯಿತು, ವಾಚ್ ಮಾತ್ರ ನಡುಗುತ್ತಲೇ ಇತ್ತು! Silent ಅಂದರೆ ಸದ್ದಿಲ್ಲ ಅಷ್ಟೆ, ನೋಟಿಫಿಕೇಶನ್ ಫೋನಿನ ಪರದೆಗೆ ಬಂದೇ ಬರುತ್ತದೆ. ಬಂದದ್ದನ್ನೆಲ್ಲ ವಾಚಿನ ಆ್ಯಪ್ ಓದಿ ಕೈಗೆ ಕಳಿಸುತ್ತದೆ. ಆ ಸಾಲನ್ನು ಪೂರ್ತಿ ಆಫ್ ಮಾಡಿದ ಮೇಲೆ ನೆಮ್ಮದಿ ಸಿಕ್ಕಿತು.

ಆದರೂ ರೇಟಿನ ಗ್ರೂಪು ಬಗ್ಗಲಿಲ್ಲ. ಹಿಂದೊಮ್ಮೆ ಅದಕ್ಕೆ ಬೇರೆ ರಿಂಗ್‌ಟೋನ್ ಇಟ್ಟಿದ್ದೆ. ಹಾಗೆ ಇಟ್ಟ ಗ್ರೂಪಿಗೆ ಅಲ್ಲಿ ತನ್ನದೇ ಒಂದು ಸಾಲು ಇರುತ್ತದೆ, ಉಳಿದವನ್ನು ಆಫ್ ಮಾಡಿದರೆ ಅದಕ್ಕೆ ತಟ್ಟುವುದಿಲ್ಲ. ಮೊದಲು ಬೈದುಕೊಂಡೆ. ಆಮೇಲೆ ಇದು ನನಗೇ ಒಳ್ಳೆಯದಲ್ವಾ ಅನ್ನಿಸಿ ಹಾಗೇ ಬಿಟ್ಟೆ. ಮಂಡಿಯವನಿಗೆ ರೇಟು ಬೇಕೇ ಬೇಕು.

ಹೆಂಡತಿಯ ಫೋನಿನಿಂದ ಪರೀಕ್ಷೆ ಮಾಡಿದೆ. ನೆಂಟರ ಗ್ರೂಪಿಗೆ ಒಂದು ಮೆಸೇಜು, ನನಗೊಂದು ಮೆಸೇಜು, ಒಂದು ವಾಟ್ಸಾಪ್ ಕರೆ, ಒಂದು ಸಿಮ್ ಕರೆ. ಮೊದಲನೆಯದು ಬಿಟ್ಟು ಮೂರೂ ವಾಚಿಗೆ ಬಂದವು.

ಎರಡು ದಿನ ಬಿಟ್ಟು ಏನೂ ಬರದಂತಾಯಿತು. ಬ್ಯಾಟರಿ ಉಳಿಸಲು ಫೋನೇ ವಾಚಿನ ಆ್ಯಪ್ ಮುಚ್ಚಿಬಿಟ್ಟಿತ್ತು. ಆ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗನ್ನು Unrestricted ಮಾಡಿದ ಮೇಲೆ ಸರಿಹೋಯಿತು.

ನಷ್ಟವೂ ಇದೆ. ಶಾಲೆಗೆ ರಜೆ ಅಂತ ಗ್ರೂಪಿನಲ್ಲಿ ಬಂದರೆ ಈಗ ಫೋನಿನಲ್ಲೂ ಕಾಣುವುದಿಲ್ಲ, ನಾನೇ ವಾಟ್ಸಾಪ್ ತೆರೆದು ನೋಡಬೇಕು. ಇನ್ನೊಂದು, ಸಿಮ್ ಕರೆಗೆ ಬಿಡದೆ ನಡುಗುವ ನನ್ನ ವಾಚು ವಾಟ್ಸಾಪ್ ಕರೆಗೆ ಒಂದೇ ಸಲ ನಡುಗಿ ಸುಮ್ಮನಾಗುತ್ತದೆ. ಅಣ್ಣನಿಗೆ ಹೇಳಿಟ್ಟಿದ್ದೇನೆ: “ಅರ್ಜೆಂಟ್ ಇದ್ದರೆ ದುಡ್ಡು ನೋಡಬೇಡ, ನಂಬರಿಗೇ ಮಾಡು.”