‘ಪ್ರತಿಯೊಬ್ಬ’ನೂ ‘ಒಂದು’ ಪುಸ್ತಕವೂ: ಎರಡು ಅರ್ಥಗಳನ್ನು ಪರೀಕ್ಷೆ ಮಾಡಿದ್ದು ಹೀಗೆ

ಫಾರ್ಮಲ್ ಸೆಮ್ಯಾಂಟಿಕ್ಸ್, ಅಂದರೆ ವಾಕ್ಯಗಳ ಅರ್ಥವನ್ನು ತರ್ಕದ ಸೂತ್ರಗಳಲ್ಲಿ ಬರೆದು ನೋಡುವ ಶಾಸ್ತ್ರ, ಕಲಿಯುವವರೆಲ್ಲ ಮೊದಲಿಗೆ ನೋಡುವ ವಾಕ್ಯಗಳಲ್ಲಿ ಇದೂ ಒಂದು: ‘ಪ್ರತಿಯೊಬ್ಬ ಹುಡುಗನೂ ಒಂದು ಪುಸ್ತಕ ಓದಿದ್ದಾನೆ.’ ಇದಕ್ಕೆ ಎರಡು ಅರ್ಥ ಹೇಳುತ್ತಾರೆ. ಕೆಳಗಿನ ಸೂತ್ರಗಳಲ್ಲಿ ∀ ಅಂದರೆ ‘ಪ್ರತಿಯೊಂದಕ್ಕೂ’, ∃ ಅಂದರೆ ‘ಒಂದಾದರೂ ಇದೆ’, → ಅಂದರೆ ‘ಆಗಿದ್ದರೆ’, ∧ ಅಂದರೆ ‘ಮತ್ತು’.

```
1. ∀x (ಹುಡುಗ(x) → ∃y (ಪುಸ್ತಕ(y) ∧ ಓದು(x, y)))
2. ∃y (ಪುಸ್ತಕ(y) ∧ ∀x (ಹುಡುಗ(x) → ಓದು(x, y)))
```

ಮೊದಲನೆಯದರಲ್ಲಿ ಯಾರು ಯಾವ ಪುಸ್ತಕ ಓದಿದರೂ ಆಯ್ತು. ಎರಡನೆಯದರಲ್ಲಿ ಎಲ್ಲರೂ ಓದಿದ ಒಂದು ಪುಸ್ತಕ ಇರಲೇಬೇಕು. ‘ಪ್ರತಿ’ಯ ವ್ಯಾಪ್ತಿಯೊಳಗೆ ‘ಒಂದು’ ಇದೆಯೋ, ‘ಒಂದು’ವಿನ ವ್ಯಾಪ್ತಿಯೊಳಗೆ ‘ಪ್ರತಿ’ ಇದೆಯೋ ಅನ್ನುವುದಷ್ಟೇ ವ್ಯತ್ಯಾಸ. ಕನ್ನಡ ಮಾತಾಡುವವರಿಗೆ ಈ ಎರಡನೇ ಅರ್ಥ ನಿಜಕ್ಕೂ ಸಿಗುತ್ತದಾ ಎಂದು ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು.

‘ಈ ವಾಕ್ಯಕ್ಕೆ ಎಷ್ಟು ಅರ್ಥ?’ ಎಂದು ನೇರವಾಗಿ ಕೇಳಿದರೆ ಪ್ರಯೋಜನವಿಲ್ಲ. ಜನ ವ್ಯಾಕರಣದ ಪರೀಕ್ಷೆ ಅಂದುಕೊಂಡು ಗಂಭೀರವಾಗಿಬಿಡುತ್ತಾರೆ. ಅದಕ್ಕೆ ಚಿತ್ರ ಬರೆದೆ. ಎಡಗಡೆ ಮೂವರು ಹುಡುಗರು, ಬಲಗಡೆ ಮೂರು ಪುಸ್ತಕ, ಯಾರು ಏನು ಓದಿದರು ಅಂತ ತೋರಿಸಲು ನಡುವೆ ಗೆರೆ. ಮೊದಲು ಚಿತ್ರ ತೋರಿಸಿ, ಆಮೇಲೆ ವಾಕ್ಯ ಹೇಳಿ, ‘ಇದು ನಿಜವಾ, ಸುಳ್ಳಾ?’ ಎಂದಷ್ಟೇ ಕೇಳುವುದು.

ಎಲ್ಲ ಗೆರೆಗಳೂ ಒಂದೇ ಪುಸ್ತಕಕ್ಕೆ ಹೋಗುವ ಚಿತ್ರ ತೋರಿಸಿ ಮೇಲಿನ ವಾಕ್ಯ ಹೇಳಿದರೆ ಎಲ್ಲರೂ ‘ನಿಜ’ ಅನ್ನುತ್ತಾರೆ. ಹಾಗಾದರೆ ಎರಡನೇ ಅರ್ಥ ಸಿಕ್ಕಿತು ಅಲ್ವಾ? ಇಲ್ಲ. ಎಲ್ಲರೂ ಒಂದೇ ಪುಸ್ತಕ ಓದಿದ್ದರೆ, ಪ್ರತಿಯೊಬ್ಬನೂ ಯಾವುದೋ ಒಂದು ಪುಸ್ತಕ ಓದಿದ ಹಾಗೂ ಆಯಿತು. ಎರಡನೇ ಸೂತ್ರ ನಿಜವಾದಲ್ಲೆಲ್ಲ ಮೊದಲನೆಯದೂ ನಿಜ. ಹಾಗಾಗಿ ‘ನಿಜ’ ಅಂದವರ ಮನಸ್ಸಿನಲ್ಲಿ ಯಾವ ಅರ್ಥ ಇತ್ತು ಅಂತ ಗೊತ್ತಾಗುವುದೇ ಇಲ್ಲ. ಪಠ್ಯಪುಸ್ತಕಗಳ ಈ ಪ್ರಸಿದ್ಧ ಉದಾಹರಣೆ ಪಾಠಕ್ಕೆ ಚೆಂದ, ಪರೀಕ್ಷೆಗೆ ಅಷ್ಟಕ್ಕಷ್ಟೆ.

ದಾರಿ ಇರುವುದು ಎರಡನ್ನೂ ಅದಲುಬದಲು ಮಾಡುವುದರಲ್ಲಿ: ‘ಒಬ್ಬ ಹುಡುಗ ಪ್ರತಿಯೊಂದು ಪುಸ್ತಕವನ್ನೂ ಓದಿದ್ದಾನೆ.’ ಪದಗಳು ಬಂದ ಕ್ರಮದಲ್ಲೇ ತಿಳಿದುಕೊಂಡರೆ ಮೂರನ್ನೂ ಓದಿದ ಒಬ್ಬ ಹುಡುಗ ಬೇಕು. ತಿರುಗಿಸಿ ತಿಳಿದುಕೊಂಡರೆ ಒಂದೊಂದು ಪುಸ್ತಕಕ್ಕೂ ಯಾರೋ ಒಬ್ಬ ಓದುಗನಿದ್ದರೆ ಸಾಕು. ಈಗ ರವಿ ಕೆಂಪು ಪುಸ್ತಕ, ಬಸು ಹಸಿರು, ಸುನಿಲ ನೀಲಿ ಓದಿದ ಚಿತ್ರ ಇಡಿ. ಮೊದಲ ಅರ್ಥದಲ್ಲಿ ವಾಕ್ಯ ಸುಳ್ಳು, ತಿರುಗಿಸಿದ ಅರ್ಥದಲ್ಲಿ ಮಾತ್ರ ನಿಜ. ಇಲ್ಲಿ ಯಾರಾದರೂ ‘ನಿಜ’ ಅಂದರೆ ಆ ಅರ್ಥ ಅವರಿಗೆ ಸಿಕ್ಕಿದೆ ಎಂದು ಧೈರ್ಯವಾಗಿ ಹೇಳಬಹುದು.

ಅದಕ್ಕೂ ಮೊದಲು ಅವರು ಗಮನ ಕೊಟ್ಟು ಉತ್ತರಿಸುತ್ತಿದ್ದಾರಾ ಅಂತ ನೋಡಬೇಕು. ಅದಕ್ಕೆಂದೇ ಇನ್ನೆರಡು ಚಿತ್ರ ಸೇರಿಸಿದೆ. ಒಂದರಲ್ಲಿ ರವಿ ಒಬ್ಬನೇ ಮೂರನ್ನೂ ಓದಿದ್ದಾನೆ, ಎರಡೂ ಅರ್ಥದಲ್ಲಿ ನಿಜ. ಇನ್ನೊಂದರಲ್ಲಿ ನೀಲಿ ಪುಸ್ತಕವನ್ನು ಯಾರೂ ಮುಟ್ಟಿಲ್ಲ, ಎರಡೂ ಅರ್ಥದಲ್ಲಿ ಸುಳ್ಳು. ಇವುಗಳಲ್ಲಿ ಎಡವಿದವರ ಉತ್ತರಗಳನ್ನು ಪಕ್ಕಕ್ಕಿಟ್ಟೆ.

‘ಎಲ್ಲಾ’ ಪದವನ್ನು ಬೇಕೆಂದೇ ಬಿಟ್ಟೆ. ‘ಎಲ್ಲಾ ಹುಡುಗರೂ ಒಂದು ಕಲ್ಲು ಎತ್ತಿದರು’ ಅಂದರೆ ಎಲ್ಲರೂ ಸೇರಿ ಎತ್ತಿದರು ಅನ್ನುವ ಮೂರನೇ ಅರ್ಥ ನುಗ್ಗುತ್ತದೆ. ಅದು ‘ಒಂದು’ವಿಗೆ ದೊಡ್ಡ ವ್ಯಾಪ್ತಿ ಸಿಕ್ಕ ಹಾಗೇ ಕಾಣುತ್ತದೆ, ಆದರೆ ಬೇರೆಯೇ ಸಂಗತಿ.

ನಾನು ಕೇಳಿದವರಲ್ಲಿ ಹೆಚ್ಚಿನವರು ಕೆಂಪು-ಹಸಿರು-ನೀಲಿ ಚಿತ್ರಕ್ಕೆ ‘ಸುಳ್ಳು’ ಅಂದರು. ಅದೇ ಚಿತ್ರಕ್ಕೆ ಕರ್ಮಪದವನ್ನು ಮುಂದೆ ತಂದು ‘ಪ್ರತಿಯೊಂದು ಪುಸ್ತಕವನ್ನೂ ಒಬ್ಬ ಹುಡುಗ ಓದಿದ್ದಾನೆ’ ಅಂದಾಗ ಅವರೇ ‘ನಿಜ’ ಎಂದು ತಲೆಯಾಡಿಸಿದರು. ಜಪಾನಿ ಭಾಷೆಯ ಬಗ್ಗೆಯೂ ಭಾಷಾಶಾಸ್ತ್ರಜ್ಞರು ಇಂಥದ್ದನ್ನೇ ಹೇಳುತ್ತಾ ಬಂದಿದ್ದಾರೆ: ಮಾಮೂಲಿ ಕ್ರಮದಲ್ಲಿ ಪದಗಳ ಸಾಲೇ ಅರ್ಥದ ಸಾಲು, ಕರ್ಮಪದ ಮುಂದೆ ಬಂದರೆ ಎರಡೂ ಅರ್ಥ. ಇಂಗ್ಲಿಷಿನಲ್ಲಾದರೆ ಪದ ಕದಲದೆಯೇ ವ್ಯಾಪ್ತಿ ತಿರುಗುತ್ತದೆ. ಅದನ್ನು ವಿವರಿಸಲೆಂದೇ ಭಾಷಾಶಾಸ್ತ್ರಜ್ಞ ರಾಬರ್ಟ್ ಮೇ 1977ರ ತಮ್ಮ ಪ್ರಬಂಧದಲ್ಲಿ, ‘ಪ್ರತಿ’ಯಂಥ ಪದಗುಚ್ಛ ಕಿವಿಗೆ ಕೇಳದ ಒಂದು ಹಂತದಲ್ಲಿ ವಾಕ್ಯದ ಮೇಲಕ್ಕೆ ಏರುತ್ತದೆ ಅಂದರು. ಕನ್ನಡದಲ್ಲಿ ಆ ಏರಿಕೆಯ ಒಂದಿಷ್ಟು ಕಿವಿಗೇ ಕೇಳುತ್ತದೆ ಅಂತ ನನ್ನ ಅನಿಸಿಕೆ.

ಆದರೆ ‘ನಿಜ’ಕ್ಕಿರುವ ಬಲ ‘ಸುಳ್ಳಿ’ಗೆ ಇಲ್ಲ. ಒಬ್ಬ ನಿವೃತ್ತ ಮೇಷ್ಟ್ರು ಚಿತ್ರ ನೋಡಿ, ‘ಅಲ್ಲಪ್ಪಾ, ಒಂದೊಂದು ಪುಸ್ತಕವನ್ನು ಒಬ್ಬೊಬ್ಬ ಹುಡುಗ ಓದಿದ್ದಾನೆ ಅನ್ನು’ ಎಂದು ತಿದ್ದಿದರು. ಹಂಚಿಕೆಯ ಅರ್ಥಕ್ಕೆ ಕನ್ನಡದಲ್ಲಿ ಇಂಥ ಸಲೀಸು ರೂಪ ಇರುವಾಗ, ಸುಮ್ನೆ ‘ಒಬ್ಬ’ ಅಂದರೆ ಕೇಳುವವರು ಒಬ್ಬನೇ ಇರಬೇಕು ಅಂದುಕೊಳ್ಳುವುದು ಸಹಜ. ಅಂದರೆ ಅರ್ಥ ಸಿಗಲಿಲ್ಲವೋ, ಸಿಕ್ಕರೂ ಅದಕ್ಕಿಂತ ಒಳ್ಳೆಯ ವಾಕ್ಯ ಇದೆ ಅಂತ ತಳ್ಳಿದರೋ ಈ ಚಿತ್ರಗಳಿಂದ ಗೊತ್ತಾಗದು. ಅದಕ್ಕೇ ಆಮೇಲೆ ನಿಜ–ಸುಳ್ಳಿನ ಜೊತೆಗೆ, ‘ಸುಳ್ಳು ಅಂದರೆ ನೀವು ಹೇಗೆ ಹೇಳುತ್ತಿದ್ದಿರಿ?’ ಅಂತಲೂ ಕೇಳಿ ಬರೆದುಕೊಳ್ಳತೊಡಗಿದೆ.