ಆಫರ್ ಬೇಡ ಅನ್ನುವಾಗ ಮೊದಲು ಫೋನ್, ಆಮೇಲೆ ಮೇಲ್

ಕೆಲಸದ ಆಫರ್ ಬೇಡ ಅನ್ನಬೇಕಾದರೆ ಎಚ್‌ಆರ್‌ಗೆ ಸುಮ್ನೆ ವಾಟ್ಸಾಪ್ ಹಾಕಬೇಡಿ. ಮೊದಲು ಫೋನ್ ಮಾಡಿ, ಎರಡು ನಿಮಿಷ ಸಾಕು. ಫೋನಿನಲ್ಲಿ “ಆಗಲ್ಲ ಸರ್” ಅಂದರೆ ದನಿ ಅದನ್ನು ಮೆತ್ತಗೆ ಮಾಡುತ್ತದೆ. ಅದನ್ನೇ ಟೈಪ್ ಮಾಡಿದರೆ ಮುಖಕ್ಕೆ ಹೊಡೆದ ಹಾಗಿರುತ್ತದೆ, ಅಲ್ವಾ?

ಅದೇ ದಿನ ಆಫರ್ ಬಂದ ಮೇಲ್‌ಗೇ ರಿಪ್ಲೈ ಮಾಡಿ, ದಾಖಲೆಗೆ ಉಳಿಯುವುದು ಅದೇ: “ನಿಮ್ಮ ಆಫರ್‌ಗೆ ಧನ್ಯವಾದಗಳು. ಯೋಚಿಸಿ ನೋಡಿದೆ, ಈ ಕೆಲಸ ಒಪ್ಪಿಕೊಳ್ಳುತ್ತಿಲ್ಲ.” ಇಷ್ಟೇ. ನಾನೊಮ್ಮೆ “ಸದ್ಯಕ್ಕೆ ಕಷ್ಟ” ಅಂತ ಬರೆದಿದ್ದೆ. ಸಂಬಳ ಜಾಸ್ತಿ ಕೇಳುತ್ತಿದ್ದೇನೆ ಅಂದುಕೊಂಡು ಮೂರು ಸಲ ಫೋನ್ ಮಾಡಿದರು!

ವಾಟ್ಸಾಪ್ ಬೇಕಾಗುವುದು ರೆಫರ್ ಮಾಡಿದ ಗೆಳೆಯನಿಗೆ: “ಮಗಾ, ಆ ಆಫರ್ ಬೇಡ ಅಂದೆ ಕಣೋ, ಸಂಜೆ ಫೋನ್ ಮಾಡ್ತೀನಿ.” ಎಚ್‌ಆರ್ ಅವನಿಗೆ ಹೇಳುವ ಮೊದಲೇ ಇದು ಹೋಗಿರಲಿ.